ಜನರ ಪಕ್ಕದಲ್ಲಿ ದುಡಿಯುವ ರೋಬೋಟ್ ತೋಳು: ತುರ್ತು ನಿಲುಗಡೆಯ ಸರ್ಕ್ಯೂಟ್ ಯಾವುದು, ವೇಗ ಎಷ್ಟು?

ಕಾಫಿ ಕೊಯ್ಲಿಗೆ ಮುಂಚಿನ ವಾರಗಳಲ್ಲಿ ಕೊಡಗಿನ ವರ್ಕ್‌ಶಾಪ್‌ಗಳಿಗೆ ಪಲ್ಪರ್‌ಗಳು ಒಂದರ ಹಿಂದೊಂದು ದುರಸ್ತಿಗೆ ಬರುತ್ತವೆ, ಆ ಹೊತ್ತಿಗೆ ಸರಿಯಾಗಿ ಸಹಾಯಕ್ಕೆ ಆಳು ಸಿಗುವುದಿಲ್ಲ. ಹಾಗಾಗಿ ಡ್ರಿಲ್ಲಿಂಗ್ ಯಂತ್ರಕ್ಕೆ ಶಾಫ್ಟ್, ಬುಷ್‌ಗಳನ್ನು ಎತ್ತಿಕೊಡಲು ಹಳೆಯ ಕೈಗಾರಿಕಾ ರೋಬೋಟ್ ತೋಳೊಂದನ್ನು ಕೊಳ್ಳಬಹುದೇ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಕೊಂಡವರ ಪ್ರಶ್ನೆ ಬೇರೆ: ತುರ್ತು ನಿಲುಗಡೆಯ ಬಟನ್ನಿನ ತಂತಿಯನ್ನು ಎಲ್ಲಿಗೆ ಜೋಡಿಸಬೇಕು, ಬೇಲಿ ಹಾಕಬೇಕೋ ಜನ ಹತ್ತಿರ ಬಂದದ್ದನ್ನು ಪತ್ತೆ ಮಾಡುವ ಸ್ಕ್ಯಾನರ್ ಇಡಬೇಕೋ, ತೋಳನ್ನು ಎಷ್ಟು ವೇಗದಲ್ಲಿ ಓಡಿಸಬೇಕು? ಈ ಮೂರನ್ನೂ ಬೇರೆ ಬೇರೆಯಾಗಿ ತೀರ್ಮಾನಿಸುವುದೇ ಸಾಮಾನ್ಯ ರೂಢಿ. ಆದರೆ ಬಟನ್ ಒತ್ತಿದ ಮೇಲೆ ತೋಳು ಎಷ್ಟು ದೂರ ಸಾಗಿ ನಿಲ್ಲುತ್ತದೆ ಎಂಬ ಒಂದೇ ಅಳತೆ ಮೂರಕ್ಕೂ ಆಧಾರವಾಗಿರುವುದರಿಂದ, ಆ ಅಳತೆಯಿಲ್ಲದೆ ಮಾಡಿದ ಆಯ್ಕೆ ಬರಿಯ ಊಹೆಯಾಗಿಬಿಡುತ್ತದೆ.

ಹೋಲಿಕೆಗಾಗಿ ಒಂದು ನಿದರ್ಶನವನ್ನು ಇಟ್ಟುಕೊಳ್ಳೋಣ. ಗೋಣಿಕೊಪ್ಪಲಿನಂಥ ಊರಿನಲ್ಲಿ ನಾಲ್ಕು ಮೀಟರ್ ಅಗಲ, ಆರು ಮೀಟರ್ ಉದ್ದದ ತಗಡಿನ ಚಾವಣಿಯ ಒಂದು ವರ್ಕ್‌ಶಾಪ್. ಅಲ್ಲಿ 0.8 ಮೀಟರ್ ಚಾಚುವ ಆರು ಅಕ್ಷಗಳ ತೋಳು ಎರಡು ಕಿಲೋ ತೂಕದ ಬಿಡಿಭಾಗಗಳನ್ನು ಎತ್ತಿಡುತ್ತದೆ; ಮೂರು ನಾಲ್ಕು ಜನ ಅದರ ಸುತ್ತ ಬೇರೆ ಕೆಲಸ ಮಾಡುತ್ತಿರುತ್ತಾರೆ.

ಯಾವುದನ್ನು ಅಳೆದು ತೂಗಬೇಕು

ಮೊದಲನೆಯ ಮಾನದಂಡ, ನಿಲ್ಲಲು ಬೇಕಾಗುವ ಸಮಯ ಮತ್ತು ದೂರ. ಎರಡನೆಯದು, ಸರ್ಕ್ಯೂಟಿನ ಯಾವುದಾದರೂ ಒಂದು ಭಾಗ ಕೆಟ್ಟರೂ ಬಟನ್ ಕೆಲಸ ಮಾಡುತ್ತದೆಯೇ ಮತ್ತು ಆ ಭಾಗ ಕೆಟ್ಟಿದೆ ಎಂಬುದು ನಮಗೆ ಗೊತ್ತಾಗುತ್ತದೆಯೇ ಎಂಬುದು. ಮೂರನೆಯದು ನಮ್ಮ ಜಿಲ್ಲೆಯ ಮಟ್ಟಿಗೆ ಬಹಳ ಮುಖ್ಯವಾದದ್ದು: ಕರೆಂಟು ಹೋದಾಗ ತೋಳು ಏನು ಮಾಡುತ್ತದೆ, ಬಂದಾಗ ಏನು ಮಾಡುತ್ತದೆ? ನಾಲ್ಕನೆಯದು, ಜನರು ತೋಳಿನ ಹತ್ತಿರಕ್ಕೆ ಎಷ್ಟು ಸಲ ಮತ್ತು ಯಾವ ಕೆಲಸಕ್ಕಾಗಿ ಬರಬೇಕಾಗುತ್ತದೆ ಎಂಬುದು. ಹಣದ ಪ್ರಶ್ನೆ ಇವೆಲ್ಲದರ ನಂತರ ಬರುತ್ತದೆ, ಏಕೆಂದರೆ ಈ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ಉಳಿಯುವ ಆಯ್ಕೆಗಳು ಸಾಮಾನ್ಯವಾಗಿ ಒಂದೋ ಎರಡೋ ಮಾತ್ರ.

ನಿಲ್ಲುವ ದೂರವನ್ನು ಅಳೆಯಲು ದುಬಾರಿ ಉಪಕರಣ ಬೇಕಾಗಿಲ್ಲ. ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್ ಸೌಲಭ್ಯವಿರುವ ಮೊಬೈಲ್ ಸಾಕು. ಒಂದು ಚಿತ್ರದಿಂದ ಮತ್ತೊಂದಕ್ಕೆ ಸುಮಾರು 4 ಮಿಲಿಸೆಕೆಂಡಿನ ಅಂತರವಿರುತ್ತದೆ. ತೋಳಿನ ಹಾದಿಯ ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಒಂದನ್ನು ಕಟ್ಟಿ, ಬಟನ್ ಒತ್ತಿದೊಡನೆ ಹೊತ್ತಿಕೊಳ್ಳುವಂತೆ ಅದರ ಹೆಚ್ಚುವರಿ ಸಂಪರ್ಕಕ್ಕೆ ಎಲ್‌ಇಡಿ ಜೋಡಿಸಿ, ಎರಡೂ ಒಂದೇ ಚಿತ್ರದಲ್ಲಿ ಕಾಣುವಂತೆ ತೆಗೆಯಬೇಕು. ಎಲ್‌ಇಡಿ ಹೊತ್ತಿದ ಚಿತ್ರದಿಂದ ತೋಳು ಪೂರ್ತಿ ನಿಂತ ಚಿತ್ರದವರೆಗೆ ಎಣಿಸಿದರೆ ಸಮಯ, ಸ್ಕೇಲಿನಲ್ಲಿ ಓದಿದರೆ ದೂರ. ಈ ಪರೀಕ್ಷೆಯನ್ನು ತೋಳು ಪೂರ್ತಿ ಚಾಚಿರುವಾಗ, ಅತಿ ಹೆಚ್ಚು ತೂಕ ಹಿಡಿದಿರುವಾಗ, ಕೆಳಮುಖವಾಗಿ ಅತಿ ಹೆಚ್ಚು ವೇಗದಲ್ಲಿ ಚಲಿಸುತ್ತಿರುವಾಗ ಮಾಡಿ, ಹಲವು ಸಲ ಬಂದ ಅಂಕಿಗಳಲ್ಲಿ ಅತಿ ಕೆಟ್ಟದ್ದನ್ನು ಇಟ್ಟುಕೊಳ್ಳಬೇಕೇ ಹೊರತು ಸರಾಸರಿಯನ್ನಲ್ಲ.

ನಮ್ಮ ನಿದರ್ಶನದಲ್ಲಿ ಶಕ್ತಿ ಕಡಿಯುವ ವಿದ್ಯುತ್ ಸ್ವಿಚ್ಚುಗಳಾದ ರಿಲೇ ಮತ್ತು ಕಾಂಟ್ಯಾಕ್ಟರ್ ಬಿಡಲು 50 ಮಿಲಿಸೆಕೆಂಡ್, ಆಮೇಲೆ ಸೆಕೆಂಡಿಗೆ 1 ಮೀಟರ್ ವೇಗದಿಂದ ತೋಳು ನಿಲ್ಲಲು 300 ಮಿಲಿಸೆಕೆಂಡ್ ಬೇಕಾಯಿತು ಎನ್ನೋಣ. ಮೊದಲ ಹಂತದಲ್ಲಿ ತೋಳು ಪೂರ್ಣ ವೇಗದಲ್ಲೇ 5 ಸೆಂಟಿಮೀಟರ್ ಸಾಗುತ್ತದೆ, ಎರಡನೆಯದರಲ್ಲಿ ವೇಗ ಇಳಿಯುತ್ತಾ 15 ಸೆಂಟಿಮೀಟರ್, ಒಟ್ಟು 20. ಅದೇ ತೋಳು, ಅದೇ ಬ್ರೇಕು, ವೇಗ ಮಾತ್ರ ಸೆಕೆಂಡಿಗೆ 250 ಮಿಲಿಮೀಟರ್ ಎಂದಾದರೆ ತೋಳು ನಿಲ್ಲುವ ಸಮಯ 75 ಮಿಲಿಸೆಕೆಂಡಿಗೂ ಒಟ್ಟು ದೂರ ಸುಮಾರು 2.2 ಸೆಂಟಿಮೀಟರ್‌ಗೂ ಇಳಿಯುತ್ತದೆ. ವೇಗ ಕಾಲು ಭಾಗವಾದರೆ ದೂರ ಒಂಬತ್ತರಲ್ಲೊಂದು ಭಾಗವಾಗುತ್ತದೆ. ಡ್ರಿಲ್ಲಿಂಗ್ ಯಂತ್ರದ ಮೇಜಿಗೂ ತೋಳಿನ ತುದಿಯಲ್ಲಿ ವಸ್ತು ಹಿಡಿಯುವ ಗ್ರಿಪ್ಪರ್‌ಗೂ ನಡುವೆ ಕೈ ಸಿಕ್ಕಿಕೊಳ್ಳುವ ಜಾಗದಲ್ಲಿ 20 ಸೆಂಟಿಮೀಟರ್ ಎಂದರೆ ಬಟನ್ ಒತ್ತಿಯೂ ಪ್ರಯೋಜನವಿಲ್ಲ ಎಂದರ್ಥ.

ಸರ್ಕ್ಯೂಟಿನ ನಾಲ್ಕು ದಾರಿಗಳು

ಐಇಸಿ 60204-1 ಮಾನಕವು ನಿಲುಗಡೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಚಾಲನಾ ಶಕ್ತಿಯನ್ನು ತಕ್ಷಣವೇ ಕಡಿದುಹಾಕುವುದು ಕೆಟಗರಿ 0. ಮೋಟಾರಿನ ಬಲದಿಂದಲೇ ವೇಗ ಇಳಿಸಿ, ನಿಂತ ಮೇಲೆ ಶಕ್ತಿ ಕಡಿಯುವುದು ಕೆಟಗರಿ 1. ನಿಲ್ಲಿಸಿಯೂ ಶಕ್ತಿಯನ್ನು ಉಳಿಸಿಕೊಳ್ಳುವುದು ಕೆಟಗರಿ 2. ತುರ್ತು ನಿಲುಗಡೆಗೆ ಐಎಸ್‌ಒ 13850 ಒಪ್ಪುವುದು ಮೊದಲ ಎರಡನ್ನು ಮಾತ್ರ.

ಅತಿ ಅಗ್ಗದ ದಾರಿಯೆಂದರೆ ಬಟನ್ನಿನ ತಂತಿಯನ್ನು ಯಂತ್ರ ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಯ ಅಥವಾ ಆರ್ಡುಯಿನೊದಂಥ ಬೋರ್ಡಿನ ಒಂದು ಇನ್‌ಪುಟ್‌ಗೆ ಕೊಟ್ಟು, ಪ್ರೋಗ್ರಾಮಿನಿಂದ ತೋಳನ್ನು ನಿಲ್ಲಿಸುವುದು. ಇದನ್ನು ಮೊದಲೇ ಪಟ್ಟಿಯಿಂದ ತೆಗೆದುಹಾಕಬಹುದು. ಪ್ರೋಗ್ರಾಮ್ ಸಿಕ್ಕಿಹಾಕಿಕೊಂಡು ತೋಳು ಅಡ್ಡಾದಿಡ್ಡಿ ಓಡುತ್ತಿರುವ ಗಳಿಗೆಯಲ್ಲೇ ಬಟನ್ ಬೇಕಾಗುವುದು, ಆ ಗಳಿಗೆಯಲ್ಲಿ ಬಟನ್ನನ್ನು ಓದಬೇಕಾದದ್ದು ಅದೇ ಸಿಕ್ಕಿಹಾಕಿಕೊಂಡ ಪ್ರೋಗ್ರಾಮ್. ತೋಳು ನಿಂತಿತೆಂದು ಪರದೆಯ ಮೇಲೆ ತೋರಿಸಲು, ಲೆಕ್ಕ ಇಡಲು ಆ ಇನ್‌ಪುಟ್ ಇರಲಿ. ನಿಲ್ಲಿಸುವ ಹೊಣೆ ಅದರದ್ದಾಗಬಾರದು.

ಎರಡನೆಯ ದಾರಿಯಲ್ಲಿ ಬಟನ್ನಿನ ಸದಾ ಮುಚ್ಚಿರುವ ಸಂಪರ್ಕವು ಒಂದು ಕಾಂಟ್ಯಾಕ್ಟರಿನ ಕಾಯಿಲ್ ಅನ್ನು ನೇರವಾಗಿ ಹಿಡಿದಿರುತ್ತದೆ. ಒತ್ತಿದರೆ ಕಾಯಿಲ್ ಬಿಟ್ಟು ಶಕ್ತಿ ಕಡಿಯುತ್ತದೆ. ತಂತಿ ಕಿತ್ತುಹೋದರೂ ತೋಳು ನಿಲ್ಲುತ್ತದೆ ಎಂಬುದು ಇದರ ಒಳ್ಳೆಯ ಗುಣ. ಕಾಂಟ್ಯಾಕ್ಟರಿಗೆ ಸ್ವಯಂಹಿಡಿತದ ಜೋಡಣೆ ಕೊಟ್ಟರೆ, ಕರೆಂಟು ಹೋಗಿ ಬಂದಾಗ ಯಾರಾದರೂ ಸ್ಟಾರ್ಟ್ ಒತ್ತುವವರೆಗೆ ತೋಳು ಅಲುಗುವುದಿಲ್ಲ ಎಂಬುದು ಇನ್ನೊಂದು. ದೋಷವೂ ಒಂದಿದೆ: ಕಾಂಟ್ಯಾಕ್ಟರಿನ ಮುಖ್ಯ ಸಂಪರ್ಕಗಳು ಬೆಸೆದುಕೊಂಡರೆ ಬಟನ್ ಒತ್ತಿದರೂ ಶಕ್ತಿ ಕಡಿಯುವುದಿಲ್ಲ, ಬೆಸೆದುಕೊಂಡಿದೆ ಎಂಬುದು ಆ ದಿನದವರೆಗೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ವೋಲ್ಟೇಜ್ ಕುಸಿಯುವ ಕಡೆ ಇದು ದೂರದ ಸಾಧ್ಯತೆಯೇನಲ್ಲ. 230 ವೋಲ್ಟಿನ ಕಾಯಿಲ್ ಕಡಿಮೆ ವೋಲ್ಟೇಜಿನಲ್ಲಿ ಗಡಗಡ ಸದ್ದು ಮಾಡುತ್ತಾ ಹಿಡಿದು ಬಿಟ್ಟು ಮಾಡುತ್ತದೆ, ಪ್ರತಿ ಸಲವೂ ಕಿಡಿ ಹಾರುತ್ತದೆ, ಸಂಪರ್ಕಗಳು ಬೆಸೆದುಕೊಳ್ಳುವುದು ಹಾಗೆಯೇ. ಆದ್ದರಿಂದ ಯಾವ ದಾರಿ ಹಿಡಿದರೂ ಸುರಕ್ಷತಾ ಸರ್ಕ್ಯೂಟನ್ನು ಅಗಲವಾದ ಇನ್‌ಪುಟ್ ಮಿತಿಯುಳ್ಳ 24 ವೋಲ್ಟ್ ಡಿಸಿ ಪವರ್ ಸಪ್ಲೈ ಮೇಲೆ ನಡೆಸುವುದು ಒಳ್ಳೆಯದು.

ಮೂರನೆಯದು ಸೇಫ್ಟಿ ರಿಲೇ. ಬಟನ್ನಿನಲ್ಲಿ ಎರಡು ಮುಚ್ಚಿದ ಸಂಪರ್ಕಗಳಿರುತ್ತವೆ, ಎರಡೂ ಬೇರೆ ಬೇರೆ ತಂತಿಗಳಲ್ಲಿ ರಿಲೇಯ ಎರಡು ಚಾನಲ್‌ಗಳಿಗೆ ಹೋಗುತ್ತವೆ. ರಿಲೇ ಎರಡು ಕಾಂಟ್ಯಾಕ್ಟರುಗಳನ್ನು ನಡೆಸುತ್ತದೆ, ಅವುಗಳ ಮುಖ್ಯ ಸಂಪರ್ಕಗಳು ಒಂದರ ಹಿಂದೊಂದು ಸರಣಿಯಲ್ಲಿರುತ್ತವೆ. ಒಂದು ಬೆಸೆದುಕೊಂಡರೆ ಇನ್ನೊಂದು ಕಡಿಯುತ್ತದೆ. ಇದಕ್ಕಿಂತ ದೊಡ್ಡ ಲಾಭವೆಂದರೆ ದೋಷ ಬಯಲಾಗುವುದು: ಎರಡೂ ಕಾಂಟ್ಯಾಕ್ಟರುಗಳ ಮುಚ್ಚಿದ ಸಹಾಯಕ ಸಂಪರ್ಕಗಳನ್ನು ಸರಣಿಯಲ್ಲಿ ರಿಲೇಯ ರೀಸೆಟ್ ದಾರಿಗೆ ಕೊಟ್ಟಿದ್ದರೆ, ಬೆಸೆದುಕೊಂಡ ಕಾಂಟ್ಯಾಕ್ಟರು ಆ ದಾರಿಯನ್ನು ತೆರೆದೇ ಇಡುತ್ತದೆ, ರಿಲೇ ಮತ್ತೆ ರೀಸೆಟ್ ಆಗುವುದಿಲ್ಲ. ಪ್ಯಾನೆಲ್ ಕಟ್ಟುವವರು ಬಿಟ್ಟುಬಿಡುವುದು ಹೆಚ್ಚಾಗಿ ಈ ತಂತಿಯನ್ನೇ, ಏಕೆಂದರೆ ಅದಿಲ್ಲದೆಯೂ ಎಲ್ಲವೂ ಸರಿಯಾಗಿ ಓಡುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಕಾಂಟ್ಯಾಕ್ಟರಿನ ಡಿಸಿ ಕಾಯಿಲ್‌ಗೆ ಅಡ್ಡಲಾಗಿ ಬರಿಯ ಡಯೋಡ್ ಹಾಕಿದರೆ ಕಾಯಿಲ್ ಬಿಡುವ ಸಮಯ ಹಲವು ಪಟ್ಟು ಹೆಚ್ಚುತ್ತದೆ. ಅದರ ಬದಲು ವೇರಿಸ್ಟರ್ ಹಾಕಿದರೆ ಬೇಗ ಬಿಡುತ್ತದೆ. ಅಳತೆಯಲ್ಲಿ 50 ಮಿಲಿಸೆಕೆಂಡಿನ ಬದಲು ನೂರಕ್ಕೂ ಹೆಚ್ಚು ಕಂಡರೆ ಮೊದಲು ಆ ಡಯೋಡನ್ನು ಹುಡುಕಬೇಕು.

ನಾಲ್ಕನೆಯ ದಾರಿಯಲ್ಲಿ ಸೇಫ್ಟಿ ರಿಲೇ ಕಾಂಟ್ಯಾಕ್ಟರಿನ ಬದಲು ಮೋಟಾರಿಗೆ ವಿದ್ಯುತ್ ಹರಿಸಿ ನಡೆಸುವ ಸರ್ವೋ ಡ್ರೈವಿನ ಸೇಫ್ ಟಾರ್ಕ್ ಆಫ್ ಟರ್ಮಿನಲ್‌ಗಳನ್ನು ನಡೆಸುತ್ತದೆ. ಡ್ರೈವಿನ ಮುಂದಿನ ಕಾಂಟ್ಯಾಕ್ಟರನ್ನು ಕಡಿದರೂ ಒಳಗಿನ ಕೆಪಾಸಿಟರುಗಳಲ್ಲಿ ಉಳಿದ ಶಕ್ತಿಯಿಂದ ಮೋಟಾರು ಸ್ವಲ್ಪ ಹೊತ್ತು ಬಲ ಪಡೆಯಬಹುದು. ಈ ಟರ್ಮಿನಲ್‌ಗಳಾದರೋ ಟ್ರಾನ್ಸಿಸ್ಟರುಗಳ ಚಾಲನೆಯನ್ನೇ ನಿಲ್ಲಿಸುವುದರಿಂದ ಬಲ ಕೂಡಲೇ ಹೋಗುತ್ತದೆ. ವಿಳಂಬವುಳ್ಳ ಸೇಫ್ಟಿ ರಿಲೇ ಬಳಸಿದರೆ ಕೆಟಗರಿ 1 ಸಹ ಸಿಗುತ್ತದೆ: ಮೊದಲು ಡ್ರೈವ್ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ, ವಿಳಂಬ ಮುಗಿದೊಡನೆ ಬಲ ಕಡಿಯುತ್ತದೆ. ಭಾರವಾದ ತೋಳು ಹೀಗೆ ಬೇಗ ನಿಲ್ಲುತ್ತದೆ, ಗೇರುಗಳಿಗೂ ಪೆಟ್ಟು ಕಡಿಮೆ. ಆದರೆ ಡ್ರೈವ್ ಅಥವಾ ಕಂಟ್ರೋಲರೇ ಕೆಟ್ಟಿದ್ದರೆ ಆ ವಿಳಂಬದ ಉದ್ದಕ್ಕೂ ತೋಳು ಅಂಕೆಯಿಲ್ಲದೆ ಓಡುತ್ತದೆ. ನಮ್ಮ ತೋಳು 300 ಮಿಲಿಸೆಕೆಂಡಿನಲ್ಲಿ ನಿಲ್ಲುವುದಾದರೆ ವಿಳಂಬ 400ಕ್ಕೆ ಸಾಕು. ಕೆಲವರು ಇಡುವಂತೆ ಎರಡು ಸೆಕೆಂಡ್ ಇಟ್ಟರೆ ಬಟನ್ನಿಗೆ ಅರ್ಥವಿಲ್ಲ.

ಇಲ್ಲಿ ಮೂರನೆಯ ಮಾನದಂಡವನ್ನು ಮರೆಯುವಂತಿಲ್ಲ. ಕೆಟಗರಿ 1 ಅನ್ನು ಎಷ್ಟೇ ಚೆನ್ನಾಗಿ ಹೊಂದಿಸಿದರೂ ಕರೆಂಟು ಹೋದ ಕ್ಷಣದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆಗ ನಡೆಯುವುದು ಹೆಚ್ಚುಕಡಿಮೆ ಕೆಟಗರಿ 0 ನಿಲುಗಡೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಕಡಿಯುವ ನಮ್ಮ ಕಡೆ ಆ ಕ್ಷಣ ಬಟನ್ ಒತ್ತುವ ಕ್ಷಣಕ್ಕಿಂತ ಹೆಚ್ಚು ಸಲ ಬರುತ್ತದೆ. ಆದ್ದರಿಂದ ಗುರುತ್ವದಿಂದ ಇಳಿಯಬಲ್ಲ ಪ್ರತಿ ಅಕ್ಷಕ್ಕೂ ಸ್ಪ್ರಿಂಗಿನಿಂದ ಹಿಡಿದು ವಿದ್ಯುತ್ತಿನಿಂದ ಬಿಡುವ ಬ್ರೇಕ್ ಇರಲೇಬೇಕು, ಗ್ರಿಪ್ಪರ್ ಸಹ ವಿದ್ಯುತ್ತಾಗಲೀ ಗಾಳಿಯಾಗಲೀ ಹೋದಾಗ ಹಿಡಿದದ್ದನ್ನು ಬಿಡದಂಥದ್ದಾಗಿರಬೇಕು. ಸ್ಟೆಪ್ಪರ್ ಮೋಟಾರುಗಳಿಂದ ಮನೆಯಲ್ಲೇ ಕಟ್ಟಿದ ತೋಳುಗಳ ದೌರ್ಬಲ್ಯ ಇಲ್ಲೇ ಇದೆ: ಶಕ್ತಿ ಹೋದೊಡನೆ ಹಿಡಿತವೂ ಹೋಗಿ ತೋಳು ಕುಸಿಯುತ್ತದೆ. ಬ್ರೇಕನ್ನು ಕೈಯಿಂದ ಬಿಡಿಸುವ ಉಪಾಯವೂ ಹತ್ತಿರದಲ್ಲೇ ಇರಲಿ. ಯಾರದಾದರೂ ಕೈ ಸಿಕ್ಕಿಕೊಂಡಾಗ ತೋಳು ನಿಂತರಷ್ಟೇ ಸಾಲದು, ಅದನ್ನು ಎತ್ತಬೇಕಾಗುತ್ತದೆ.

ವೇಗಕ್ಕೆ ಮಿತಿ ಹಾಕುವುದು ಹೇಗೆ

250 ಮಿಲಿಮೀಟರ್ ಎಂಬ ಅಂಕಿ ಎಲ್ಲರ ಬಾಯಲ್ಲೂ ಇದೆ, ಆದರೆ ಅದರ ಹಿನ್ನೆಲೆ ಗೊತ್ತಿರುವವರು ಕಡಿಮೆ. ಐಎಸ್‌ಒ 10218 ಅದನ್ನು ಹೇಳುವುದು ಕೈಯಾರೆ ನಡೆಸುವ ವಿಧಾನಕ್ಕೆ, ಅಂದರೆ ತರಬೇತಾದವರೊಬ್ಬರು ಕೈಯಲ್ಲಿ ಹಿಡಿಯುವ ನಿಯಂತ್ರಣ ಫಲಕವಾದ ಪೆಂಡೆಂಟ್ ಹಿಡಿದು ತೋಳಿಗೆ ಚಲನೆ ಕಲಿಸುತ್ತಿರುವಾಗ. ಅವರ ಕೈಯಲ್ಲಿ ಮೂರು ಸ್ಥಿತಿಯ ಸ್ವಿಚ್ ಇರುತ್ತದೆ, ಬಿಟ್ಟರೂ ಗಾಬರಿಯಿಂದ ಅದುಮಿದರೂ ತೋಳು ನಿಲ್ಲುತ್ತದೆ. ತೋಳು ತಾನಾಗಿಯೇ ಓಡುತ್ತಿರುವಾಗ ಪಕ್ಕದಲ್ಲಿ ಬೆನ್ನು ಹಾಕಿ ನಿಂತವನಿಗೆ ಆ ವೇಗ ನಿರಪಾಯವೆಂದು ಮಾನಕ ಎಲ್ಲೂ ಹೇಳಿಲ್ಲ.

ಪ್ರೋಗ್ರಾಮಿನಲ್ಲಿ ವೇಗವನ್ನು ಶೇಕಡಾ 20ಕ್ಕೆ ಇಳಿಸುವುದು ಎಲ್ಲರೂ ಮೊದಲು ಮಾಡುವ ಕೆಲಸ. ಅದರಿಂದ ನಷ್ಟವಿಲ್ಲ, ಆದರೆ ಯಾರು ಬೇಕಾದರೂ ಒಂದು ಅಂಕಿ ತಿದ್ದಿ ಅದನ್ನು ತೆಗೆಯಬಹುದಾದ್ದರಿಂದ ಅದು ಸುರಕ್ಷತಾ ಮಿತಿಯಾಗುವುದಿಲ್ಲ. ಡ್ರೈವ್ ಅಥವಾ ಸೇಫ್ಟಿ ಕಂಟ್ರೋಲರ್ ತಾನೇ ವೇಗವನ್ನು ಕಾಯುತ್ತಾ, ಮೀರಿದೊಡನೆ ಬಲ ಕಡಿಯುವ ವ್ಯವಸ್ಥೆಯಿದ್ದರೆ ಮಾತ್ರ ಅದನ್ನು ನಂಬಬಹುದು. ಇದಿಲ್ಲದ ಮನೆಕಟ್ಟಿನ ತೋಳಿಗೆ ನಾನು ಹೇಳುವುದು ಗೇರು ಮತ್ತು ಮೋಟಾರಿನಲ್ಲೇ ಮಿತಿ ಹಾಕಿ ಎಂದು, ಆದರೆ ಲೆಕ್ಕ ಹಾಕಿಯೇ ಹಾಕಬೇಕು. 3000 ಆರ್‌ಪಿಎಂ ಮೋಟಾರಿಗೆ ನೂರಕ್ಕೊಂದರ ಗೇರ್‌ಬಾಕ್ಸ್ ಹಾಕಿದರೆ ಕೀಲು ನಿಮಿಷಕ್ಕೆ 30 ಸುತ್ತು ತಿರುಗುತ್ತದೆ, ನೋಡಲು ನಿಧಾನವೇ, ಆದರೆ 0.8 ಮೀಟರ್ ಚಾಚಿದ ತೋಳಿನ ತುದಿಯಲ್ಲಿ ಅದು ಸೆಕೆಂಡಿಗೆ 2.5 ಮೀಟರ್. ಎರಡು ಕೀಲುಗಳು ಒಂದೇ ದಿಕ್ಕಿಗೆ ತಿರುಗಿದರೆ ಇನ್ನೂ ಹೆಚ್ಚು. ಮಿತಿಯನ್ನು ಕೀಲಿನಲ್ಲಿ ಹಾಕಿದರೂ ಅಳೆಯಬೇಕಾದದ್ದು ತುದಿಯಲ್ಲಿ.

ಬಲ ಮತ್ತು ಶಕ್ತಿಗೆ ಮಿತಿಯುಳ್ಳ ಸಹಯೋಗಿ ತೋಳು, ಅಂದರೆ ಕೋಬಾಟ್, ಬೇರೆ ಬಗೆಯದು. ತಗುಲುವುದನ್ನು ಅದು ತಡೆಯುವುದಿಲ್ಲ, ತಗುಲಿದಾಗಿನ ಬಲವನ್ನು ಮಿತಿಯಲ್ಲಿಡುತ್ತದೆ. 2016ರ ಐಎಸ್‌ಒ/ಟಿಎಸ್ 15066ರ ಪ್ರಕಾರ ಬೆರಳು ಅಂಗೈ ಅದುಮಿ ಹಿಡಿದಾಗಿನ ಮಿತಿ 140 ನ್ಯೂಟನ್, ಸುಮಾರು 14 ಕಿಲೋ ಭಾರ; ಮುಖಕ್ಕೆ 65. ಇದು ಬರಿಯ ಬಲದ ಲೆಕ್ಕ, ಚೂಪಾದ ಅಂಚಿದ್ದರೆ ಒತ್ತಡದ ಮಿತಿ ಇದಕ್ಕಿಂತ ಮೊದಲೇ ಮೀರುತ್ತದೆ. ಕತ್ತರಿಸಿದ ಶಾಫ್ಟಿನ ಮುಳ್ಳು ಅಂಚನ್ನು ಹಿಡಿದ ಕೋಬಾಟ್ ಕೋಬಾಟ್ ಆಗಿ ಉಳಿಯುವುದಿಲ್ಲ ಎಂಬುದನ್ನು ಮಾರುವವರು ತಾವಾಗಿ ಹೇಳುವುದು ಅಪರೂಪ. ಒರಸಿ ದುಂಡಾಗಿಸಿದ ಬುಷ್‌ಗಳನ್ನೋ ಪ್ಯಾಕಿಂಗ್ ಡಬ್ಬಗಳನ್ನೋ ಎತ್ತಿಡುವುದಾದರೆ ಅದು ಒಳ್ಳೆಯ ಆಯ್ಕೆ.

ಬೇಲಿಯೋ ಸ್ಕ್ಯಾನರೋ

ಲೇಸರ್ ಸ್ಕ್ಯಾನರ್ ಇಟ್ಟರೆ ನೆಲ ಖಾಲಿ ಇರುತ್ತದೆ, ಜನ ಹತ್ತಿರ ಬಂದಾಗ ಮಾತ್ರ ತೋಳು ನಿಲ್ಲುತ್ತದೆ ಎಂಬ ಆಸೆಯಿಂದ ಅನೇಕರು ಅದರತ್ತ ವಾಲುತ್ತಾರೆ. ಬೆಲೆ ಲಕ್ಷಗಳಲ್ಲಿರುವುದರಿಂದ ಮೊದಲು ಐಎಸ್‌ಒ 13855 ಮಾನಕದ 2010ರ ಆವೃತ್ತಿಯ ಲೆಕ್ಕ ಹಾಕಿ ನೋಡಬೇಕು.

```
S = K × T + C
```

ಇಲ್ಲಿ K ಎಂದರೆ ನಡೆದು ಬರುವವನ ವೇಗ, ಸೆಕೆಂಡಿಗೆ 1600 ಮಿಲಿಮೀಟರ್. T ಎಂದರೆ ಅವನನ್ನು ಕಂಡಲ್ಲಿಂದ ತೋಳು ನಿಲ್ಲುವವರೆಗಿನ ಒಟ್ಟು ಸಮಯ. C ಎಂದರೆ ಕಾಲು ಪತ್ತೆಯಾಗುವ ಮೊದಲೇ ಕೈ ಮುಂದಕ್ಕೆ ಚಾಚಿರಬಹುದಾದ ದೂರ. ಸ್ಕ್ಯಾನರಿನ ಕಿರಣ ನೆಲದಿಂದ 200 ಮಿಲಿಮೀಟರ್ ಎತ್ತರದಲ್ಲಿದ್ದರೆ C ಎಂದರೆ 1200 − 0.4 × 200, ಅಂದರೆ 1120. ಸ್ಕ್ಯಾನರಿಗೆ 100, ಸರ್ಕ್ಯೂಟಿಗೆ 50, ತೋಳಿಗೆ 300 ಮಿಲಿಸೆಕೆಂಡ್ ಸೇರಿಸಿದರೆ T 0.45 ಸೆಕೆಂಡ್. ಉತ್ತರ 1840 ಮಿಲಿಮೀಟರ್, ಅದೂ ತೋಳು ಚಾಚುವ 0.8 ಮೀಟರಿನ ಆಚೆಗೆ. ಒಟ್ಟು 2.6 ಮೀಟರಿಗೂ ಹೆಚ್ಚು ತ್ರಿಜ್ಯದ ವೃತ್ತ ನಾಲ್ಕು ಮೀಟರ್ ಅಗಲದ ವರ್ಕ್‌ಶಾಪಿನಲ್ಲಿ ಹಿಡಿಸುವುದೇ ಇಲ್ಲ. ಬಾಗಿಲಿನಿಂದ ಒಳಗೆ ಬಂದವರೆಲ್ಲ ತೋಳನ್ನು ನಿಲ್ಲಿಸುತ್ತಾರೆ.

ವೇಗ ಇಳಿಸಿದರೆ ಆಗಬಹುದೆಂದು ತೋರುತ್ತದೆ. ಸೆಕೆಂಡಿಗೆ 250 ಮಿಲಿಮೀಟರಿಗೆ ಇಳಿಸಿದರೂ ಅದೇ ಲೆಕ್ಕ 1480ಕ್ಕೆ ಬಂದು ನಿಲ್ಲುತ್ತದೆ. ಉಳಿತಾಯವಾದದ್ದು ಬರೀ 36 ಸೆಂಟಿಮೀಟರ್, ಏಕೆಂದರೆ ದೂರದ ಬಹುಪಾಲು ಇರುವುದು C ಎಂಬ ಅಂಕಿಯಲ್ಲಿ, ಅದು ತೋಳಿನ ವೇಗಕ್ಕೆ ಬಗ್ಗುವುದಿಲ್ಲ. ಸಿಕ್ಕಿಕೊಳ್ಳುವ ಜಾಗದಲ್ಲಿ ಇಷ್ಟು ಸಹಾಯ ಮಾಡಿದ ವೇಗಮಿತಿ ಸ್ಕ್ಯಾನರಿನ ಜಾಗವನ್ನು ಉಳಿಸಲು ಅಷ್ಟೇನೂ ನೆರವಾಗುವುದಿಲ್ಲ. ತಂತಿ ಜಾಲರಿಯ ಬೇಲಿ, ಅದಕ್ಕೊಂದು ಬಾಗಿಲು, ಬಾಗಿಲಿಗೆ ಸೇಫ್ಟಿ ಸ್ವಿಚ್ ಇದ್ದರೆ T 0.35 ಸೆಕೆಂಡಿನಷ್ಟೇ ಆಗುತ್ತದೆ, ಬಾಗಿಲು ತೋಳಿನ ಅಳವಿನಿಂದ 560 ಮಿಲಿಮೀಟರ್ ಆಚೆ ಇದ್ದರೆ ಸಾಕು. ಗ್ರಿಪ್ಪರಿನಿಂದ ಜಾರಿ ಹಾರಿದ ಶಾಫ್ಟನ್ನೂ ಬೇಲಿ ತಡೆಯುತ್ತದೆ, ಸ್ಕ್ಯಾನರ್ ತಡೆಯುವುದಿಲ್ಲ.

ಯಾರಿಗೆ ಯಾವುದು

ನಮ್ಮ ನಿದರ್ಶನದ ವರ್ಕ್‌ಶಾಪಿಗೆ ನನ್ನ ಆಯ್ಕೆ ಬೇಲಿ, ಬಾಗಿಲ ಸ್ವಿಚ್, ಎರಡು ಚಾನಲಿನ ಸೇಫ್ಟಿ ರಿಲೇ ಮತ್ತು ಒಳಗೆ ಹೋಗಿ ಕಲಿಸುವಾಗ 250 ಮಿಲಿಮೀಟರಿನ ಮಿತಿ. ರಿಲೇ ಮತ್ತು ಕಾಂಟ್ಯಾಕ್ಟರುಗಳ ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ, ಬೇಲಿಯನ್ನು ವರ್ಕ್‌ಶಾಪಿನವರೇ ವೆಲ್ಡಿಂಗ್ ಮಾಡಿಕೊಳ್ಳಬಹುದು. ತೋಳು ಹಳೆಯದಾದರೆ ಕೊಂಡು ತಂದ ದಿನವೇ ಕಂಟ್ರೋಲರಿನ ಹಿಂಬದಿ ತೆರೆದು, ಹೊರಗಿನ ತುರ್ತು ನಿಲುಗಡೆಯ ಟರ್ಮಿನಲ್‌ಗಳಿಗೆ ತುಂಡು ತಂತಿಯ ಜಂಪರ್ ಹಾಕಿದ್ದಾರೆಯೇ ನೋಡಬೇಕು. ಮಾರುವಾಗ ಓಡಿಸಿ ತೋರಿಸಲು ಅದನ್ನು ಹಾಕಿ, ಹಾಗೆಯೇ ಬಿಟ್ಟಿರುತ್ತಾರೆ.

ದಿನಕ್ಕೆ ಹತ್ತಾರು ಸಲ ಕೈಯಿಂದಲೇ ಬಿಡಿಭಾಗ ಕೊಡಬೇಕಾದ ಕೆಲಸಕ್ಕೆ ಬೇಲಿ ಬೇಸರ ತರಿಸುತ್ತದೆ, ಬೇಸರ ಬಂದವರು ಬಾಗಿಲ ಸ್ವಿಚ್ಚಿಗೆ ಅಯಸ್ಕಾಂತ ಕಟ್ಟುತ್ತಾರೆ. ಅಲ್ಲಿ ಕೋಬಾಟ್ ಅಥವಾ ಬೇಲಿಗೆ ಜಾರುವ ತಟ್ಟೆಯೊಂದನ್ನು ಮಾಡಿ ಹೊರಗಿನಿಂದಲೇ ತುಂಬುವ ಉಪಾಯ ಮೇಲು. ಎರಡನೆಯದು ಬಹಳ ಅಗ್ಗ. ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟುವ ಪುಟ್ಟ ಮೇಜಿನ ತೋಳಿಗೆ, ಮೋಟಾರುಗಳು ದುರ್ಬಲವಾಗಿದ್ದು ಕೈಯಿಂದ ಹಿಡಿದು ನಿಲ್ಲಿಸುವಂತಿದ್ದರೆ, ಎರಡನೆಯ ದಾರಿಯ ಕಾಂಟ್ಯಾಕ್ಟರು ಸಾಕು, ತೋಳು ಕುಸಿಯದಂತೆ ಪ್ರತಿಭಾರ ಕೊಟ್ಟಿರಬೇಕಷ್ಟೆ. ಸ್ಕ್ಯಾನರ್ ಸಲ್ಲುವುದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಂಥ ವಿಶಾಲ ನೆಲವಿದ್ದು ತಳ್ಳುಗಾಡಿಗಳು ಓಡಾಡಬೇಕಾದ ಕಡೆ.

ಬಟನ್ ಎಲ್ಲಿರಬೇಕೆಂಬುದಕ್ಕೆ ಐಎಸ್‌ಒ 13850 ಮಾನಕ ಹೇಳುವುದು ನೆಲದಿಂದ 0.6ರಿಂದ 1.7 ಮೀಟರ್ ಎತ್ತರ, ಹಳದಿ ಹಿನ್ನೆಲೆಯಲ್ಲಿ ಕೆಂಪು ಅಣಬೆ. ತಗಡಿನ ಮೇಲೆ ಮಳೆ ಸುರಿಯುವಾಗ ಒಬ್ಬ ಕೂಗಿದ್ದು ಇನ್ನೊಬ್ಬನಿಗೆ ಕೇಳುವುದಿಲ್ಲವಾದ್ದರಿಂದ, ಕೂಗಿ ಹೇಳಿ ಒತ್ತಿಸುವ ಲೆಕ್ಕ ಬೇಡ. ಬಾಗಿಲ ಬಳಿ ಒಂದು, ಡ್ರಿಲ್ಲಿಂಗ್ ಯಂತ್ರದ ಬಳಿ ಒಂದು ಇರಲಿ. ತೇವದಿಂದ ಟರ್ಮಿನಲ್‌ಗಳ ನಡುವೆ ವಿದ್ಯುತ್ ಹರಿಯದಂತೆ ಬಟನ್ನಿನ ಪೆಟ್ಟಿಗೆಗೆ ಗ್ಲ್ಯಾಂಡ್ ಹಾಕಿ, ಕೇಬಲ್ ಅನ್ನು ಕೆಳಗಿನಿಂದ ಒಳತೆಗೆದುಕೊಳ್ಳಬೇಕು.

ಎಲ್ಲ ಮುಗಿದ ಮೇಲೆ ಕೊನೆಯ ಪರೀಕ್ಷೆಯನ್ನು ತೋಳಿನ ಅಳವಿನಲ್ಲಿ ಯಾರೂ ಇಲ್ಲದಾಗ ಮಾಡಬೇಕು. ತೋಳು ನಿಧಾನವಾಗಿ ಓಡುತ್ತಿರುವಾಗ ಬಟನ್ನಿನ ಒಂದು ಚಾನಲಿನ ತಂತಿಯನ್ನು ಮಾತ್ರ ಟರ್ಮಿನಲ್‌ನಿಂದ ಬಿಡಿಸಿದರೆ ತೋಳು ನಿಲ್ಲಬೇಕು. ಆ ತಂತಿಯನ್ನು ಹಾಗೆಯೇ ಮತ್ತೆ ಸಿಕ್ಕಿಸಿ ರೀಸೆಟ್ ಒತ್ತಿದರೆ ರಿಲೇ ಏಳಬಾರದು. ಬಟನ್ನನ್ನು ಒಮ್ಮೆ ಪೂರ್ತಿ ಒತ್ತಿ ಬಿಡಿಸಿ, ಎರಡೂ ಚಾನಲ್ ಒಟ್ಟಿಗೆ ತೆರೆದು ಮುಚ್ಚಿದ ಮೇಲಷ್ಟೇ ಏಳಬೇಕು. ಇದನ್ನೇ ಎರಡನೆಯ ಚಾನಲಿಗೂ ಮಾಡಿ. ಒಂದು ತಂತಿ ಬಿಡಿಸಿದರೂ ತೋಳು ಓಡುತ್ತಲೇ ಇದ್ದರೆ, ಯಾರೋ ಎರಡು ಚಾನಲ್‌ಗಳನ್ನು ಒಂದೇ ಸಂಪರ್ಕಕ್ಕೆ ಕಟ್ಟಿದ್ದಾರೆ ಅಥವಾ ಆ ಚಾನಲಿಗೆ ಇನ್ನೂ ಜಂಪರ್ ಇದೆ. ಅದು ಸಿಗುವವರೆಗೆ ತೋಳಿನ ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿಡಬೇಕು.